ಮುದ್ರಣದ ಪತ್ರಿಕೆಯಿಂದ ಫೋನಿನ ಪರದೆಗೆ: ಒಂದು ವಿವಾಹ ಆಹ್ವಾನ ಚಿತ್ರದ ಪ್ರಕರಣ ಅಧ್ಯಯನ

ಸಂದೇಶ ಆ್ಯಪ್‌ಗಳಲ್ಲಿ ಆಹ್ವಾನ ಪತ್ರಿಕೆಯನ್ನು ಚಿತ್ರವಾಗಿ ಕಳುಹಿಸುವಾಗ, ಕಳುಹಿಸುವವರ ಕಂಪ್ಯೂಟರಿನಲ್ಲಿ ಇರುವ ಚಿತ್ರವೇ ತಲುಪುವವರ ಕೈಗೆ ಸೇರುವುದಿಲ್ಲ. ಆ್ಯಪ್ ಅದನ್ನು ತನ್ನ ಮಿತಿಗೆ ತಕ್ಕಂತೆ ಕುಗ್ಗಿಸಿ, ಜೆಪೆಗ್ ರೂಪದಲ್ಲಿ ಮತ್ತೊಮ್ಮೆ ಸಂಕುಚಿಸಿ ಮುಂದೆ ಕಳುಹಿಸುತ್ತದೆ. ಆದ್ದರಿಂದ ವಿನ್ಯಾಸ ಮಾಡುವವರು ಗಮನಿಸಬೇಕಾದುದು ತಾವು ಉಳಿಸಿದ ಫೈಲನ್ನಲ್ಲ, ಈ ಎರಡು ಕೆಲಸಗಳು ನಡೆದ ನಂತರ ಉಳಿಯುವ ಚಿತ್ರವನ್ನು. ಈ ಬರಹದಲ್ಲಿ ಅಂಥ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತೇನೆ. ಫೈಲಿನ ಗಾತ್ರ ಕಡಿಮೆಯಾದಷ್ಟೂ ಅಕ್ಷರ ಮಸುಕಾಗುತ್ತದೆ ಎಂಬ ಸಾಮಾನ್ಯ ನಂಬಿಕೆ ಆಹ್ವಾನ ಪತ್ರಿಕೆಯ ಮಟ್ಟಿಗೆ ಬಹುಪಾಲು ಸರಿಯಲ್ಲ. ಫೈಲನ್ನು ಭಾರ ಮಾಡುವ ಅಂಶಗಳೇ ಹೆಚ್ಚಿನ ಸಂದರ್ಭಗಳಲ್ಲಿ ಅಕ್ಷರವನ್ನೂ ಕೆಡಿಸುತ್ತವೆ ಎಂಬುದು ಈ ಪ್ರಕರಣದಲ್ಲಿ ಸ್ಪಷ್ಟವಾಯಿತು.

ಮುಂದಿನ ಭಾಗಗಳಲ್ಲಿ ಚಿತ್ರದ ಅಗಲ ಎತ್ತರಗಳ ಪಿಕ್ಸೆಲ್ ಲೆಕ್ಕವನ್ನು ‘ಅಳತೆ’ ಎಂದೂ, ಫೈಲ್ ಎಷ್ಟು ಕೆಬಿ ಅಥವಾ ಎಂಬಿ ಇದೆ ಎಂಬುದನ್ನು ‘ಗಾತ್ರ’ ಎಂದೂ ಕರೆದಿದ್ದೇನೆ. ಮಾತಿನಲ್ಲಿ ಇವೆರಡೂ ಒಂದಕ್ಕೊಂದು ಬೆರೆತುಹೋಗುವುದರಿಂದಲೇ ಅನೇಕ ಗೊಂದಲಗಳು ಹುಟ್ಟುತ್ತವೆ.

ಬಂದ ಸಮಸ್ಯೆ

ಒಂದು ಕುಟುಂಬದವರು ಮದುವೆಯ ಪತ್ರಿಕೆಯನ್ನು ಮುದ್ರಣಕ್ಕೆಂದು ವಿನ್ಯಾಸ ಮಾಡಿಸಿದ್ದರು. ಐದು ಇಂಚು ಅಗಲ, ಏಳು ಇಂಚು ಎತ್ತರದ ಪತ್ರಿಕೆ. ಕೈಯಿಂದ ಮಾಡಿದ ಕಾಗದದಂತೆ ತರಿತರಿಯಾಗಿ ಕಾಣುವ ಕಂದುಗೆಂಪು ಹಿನ್ನೆಲೆಯ ಮೇಲೆ ಚಿನ್ನದ ಬಣ್ಣದ ಗ್ರೇಡಿಯೆಂಟ್ ಅಕ್ಷರಗಳಿದ್ದವು. ಕೆಳಗಿನ ಕಡುಹಸಿರು ಪಟ್ಟಿಯ ಮೇಲೆ ಮುಹೂರ್ತದ ದಿನಾಂಕವನ್ನೂ ಸಮಯವನ್ನೂ ಸ್ಥಳವನ್ನೂ ಕೆಂಪು ಅಕ್ಷರಗಳಲ್ಲಿ ಬರೆದಿದ್ದರು. ಮುದ್ರಿತ ಪ್ರತಿ ನಿಜಕ್ಕೂ ಸುಂದರವಾಗಿತ್ತು. ಅದೇ ವಿನ್ಯಾಸವನ್ನು ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ 1500 × 2100 ಪಿಕ್ಸೆಲ್‌ಗಳ ಪಿಎನ್‌ಜಿ ಚಿತ್ರವಾಗಿ ತೆಗೆದು ಬಂಧುಗಳ ಗುಂಪುಗಳಿಗೆ ಕಳುಹಿಸಿದರು. ಅದರ ಗಾತ್ರ ನಾಲ್ಕು ಎಂಬಿಗಿಂತ ಸ್ವಲ್ಪ ಹೆಚ್ಚಿತ್ತು. ಕಳುಹಿಸಿದ ದಿನವೇ ಹಿರಿಯರಿಂದ ಕರೆಗಳು ಬರತೊಡಗಿದವು. ಸಮಯ ಎಷ್ಟು, ಸಭಾಂಗಣ ಯಾವುದು, ದಿನಾಂಕ 3ನೆಯದೋ 8ನೆಯದೋ ಎಂದು ಅವರು ಕೇಳುತ್ತಿದ್ದರು. ಪತ್ರಿಕೆ ಇರುವುದೇ ಈ ಪ್ರಶ್ನೆಗಳಿಗೆ ಉತ್ತರ ಹೇಳಲು. ಅದು ಆ ಕೆಲಸವನ್ನೇ ಮಾಡದಿದ್ದಾಗ ಕುಟುಂಬದವರು ನನ್ನ ಬಳಿಗೆ ಬಂದರು.

ಚಿತ್ರದ ಗುಣಮಟ್ಟ ಸಾಲದಾಗಿದೆ, ಇನ್ನೂ ಹೆಚ್ಚಿನ ಅಳತೆಯಲ್ಲಿ ತೆಗೆದುಕೊಡಿ ಎಂಬುದು ಅವರ ಕೋರಿಕೆಯಾಗಿತ್ತು. ವಧುವಿನ ತಂದೆಯವರು ಸಹಜವಾದ ಒಂದು ಪ್ರಶ್ನೆಯನ್ನೂ ಕೇಳಿದರು: “ಅಕ್ಷರ ಚಿಕ್ಕದಿದ್ದರೆ ಎರಡು ಬೆರಳಿನಿಂದ ದೊಡ್ಡದು ಮಾಡಿಕೊಂಡು ನೋಡಬಹುದಲ್ಲವೇ? ದೊಡ್ಡ ಫೈಲ್ ಕಳುಹಿಸಿದರೆ ಅದು ಸ್ಪಷ್ಟವಾಗಿಯೇ ಇರಬೇಕಲ್ಲ?” ಇದಕ್ಕೆ ಬಾಯಿಮಾತಿನ ಉತ್ತರಕ್ಕಿಂತ ಅವರ ಬಂಧುವೊಬ್ಬರ ಫೋನಿಗೆ ನಿಜವಾಗಿ ತಲುಪಿದ ಫೈಲನ್ನೇ ತೆರೆದು ತೋರಿಸುವುದು ಲೇಸೆನಿಸಿತು.

ತಲುಪಿದ ಚಿತ್ರದ ಪರೀಕ್ಷೆ

ತಲುಪಿದ ಫೈಲನ್ನು ಕಂಪ್ಯೂಟರಿಗೆ ಹಾಕಿಕೊಂಡು ನೋಡಿದಾಗ ಅದರ ಅಳತೆ 1143 × 1600 ಪಿಕ್ಸೆಲ್ ಇತ್ತು. ಗಾತ್ರ ಸುಮಾರು 310 ಕೆಬಿಗೆ ಇಳಿದಿತ್ತು. ಆ್ಯಪ್ ಉದ್ದನೆಯ ಬದಿಯನ್ನು 1600 ಪಿಕ್ಸೆಲ್‌ಗಳಿಗೆ ಕುಗ್ಗಿಸಿತ್ತು. ಅಂದರೆ 2100ರ ಬದಲು 4200 ಪಿಕ್ಸೆಲ್ ಎತ್ತರದ ಚಿತ್ರವನ್ನು ಕೊಟ್ಟಿದ್ದರೂ ತಲುಪುತ್ತಿದ್ದುದು ಇದೇ ಅಳತೆಯ ಚಿತ್ರ. ಕುಗ್ಗಿಸುವಾಗ ಕಳೆದುಹೋದ ವಿವರ ಬೆರಳಿನಿಂದ ಹಿಗ್ಗಿಸಿದರೆ ಮರಳಿ ಬರುವುದಿಲ್ಲ, ಮಸುಕು ಮಾತ್ರ ದೊಡ್ಡದಾಗಿ ಕಾಣುತ್ತದೆ. ಈ ಮಿತಿ ಆ್ಯಪ್‌ನಿಂದ ಆ್ಯಪ್‌ಗೆ ಬದಲಾಗುತ್ತದೆ, ಆವೃತ್ತಿ ಬದಲಾದಾಗಲೂ ಬದಲಾಗಬಹುದು. ಹೀಗಾಗಿ ಯಾರೋ ಹೇಳಿದ ಅಂಕಿಯನ್ನು ನಂಬುವುದಕ್ಕಿಂತ ಒಮ್ಮೆ ಕಳುಹಿಸಿ, ತಲುಪಿದ ಫೈಲಿನ ಅಳತೆಯನ್ನು ನೋಡಿಬಿಡುವುದು ಒಳ್ಳೆಯದು.

ಇನ್ನೊಂದು ಲೆಕ್ಕ ಇದಕ್ಕಿಂತಲೂ ಮುಖ್ಯವಾದುದು. ಮುದ್ರಿತ ಪತ್ರಿಕೆಯ ಅಗಲ 127 ಮಿಲಿಮೀಟರ್. ಸಾಮಾನ್ಯ ಫೋನಿನ ಪರದೆಯ ಅಗಲ ಸುಮಾರು 68 ಮಿಲಿಮೀಟರ್. ಪತ್ರಿಕೆಯ ಸಣ್ಣ ಅಕ್ಷರಗಳು 9 ಪಾಯಿಂಟ್, ಅಂದರೆ ಕಾಗದದ ಮೇಲೆ 3.2 ಮಿಲಿಮೀಟರ್ ಇದ್ದವು. ಅದೇ ಚಿತ್ರ ಫೋನಿನ ಪರದೆಯ ತುಂಬ ತೆರೆದುಕೊಂಡಾಗ ಅವು 1.7 ಮಿಲಿಮೀಟರಿಗೆ ಇಳಿಯುತ್ತವೆ. ಮಾತುಕತೆಯ ನಡುವೆ, ಇನ್ನೂ ತೆರೆಯದ ಚಿತ್ರವಾಗಿ ಸುಮಾರು 48 ಮಿಲಿಮೀಟರ್ ಅಗಲದಲ್ಲಿ ಕಾಣಿಸುವಾಗ 1.2 ಮಿಲಿಮೀಟರ್ ಮಾತ್ರ ಉಳಿಯುತ್ತವೆ. ಸಂಕುಚನವೇ ಇಲ್ಲದೆ, ಒಂದು ಪಿಕ್ಸೆಲ್ ಕೂಡ ಕೆಡದೆ ಚಿತ್ರ ತಲುಪಿದ್ದರೂ ಈ ಅಕ್ಷರಗಳನ್ನು ಓದಲು ಆಗುತ್ತಿರಲಿಲ್ಲ. ದೋಷದ ಅರ್ಧಭಾಗ ಫೈಲಿನಲ್ಲಿ ಇರಲೇ ಇಲ್ಲ, ಮುದ್ರಣದ ವಿನ್ಯಾಸವನ್ನು ಹಾಗೆಯೇ ಕಿರಿದಾದ ಪರದೆಗೆ ತಂದುದರಲ್ಲಿ ಇತ್ತು.

ಉಳಿದ ಅರ್ಧಭಾಗವನ್ನು ಕಾಣಲು ಚಿತ್ರವನ್ನು ಮೂರು ಪಟ್ಟು ಹಿಗ್ಗಿಸಿ ಅಕ್ಷರಗಳ ಅಂಚುಗಳನ್ನು ಪರಿಶೀಲಿಸಿದೆ. ಮಸುಕು ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಾರಣಗಳು ಅಡಗಿರುತ್ತವೆ, ಅವು ಬೇರೆ ಬೇರೆ ಗುರುತುಗಳನ್ನು ಬಿಡುತ್ತವೆ. ಎಲ್ಲ ಅಂಚುಗಳೂ ಒಂದೇ ಸಮನೆ ಮೃದುವಾಗಿದ್ದರೆ ಅದು ಅಳತೆ ಕುಗ್ಗಿಸಿದುದರ ಫಲ. ಅಕ್ಷರದ ಸುತ್ತ ಧೂಳಿನಂಥ ಚುಕ್ಕೆಗಳು ಎದ್ದಿದ್ದರೆ ಅದು ಜೆಪೆಗ್ ಸಂಕುಚನದ್ದು. ಅಕ್ಷರದ ಆಕಾರ ಉಳಿದೂ ಅದರ ಬಣ್ಣ ಗೆರೆಯಾಚೆಗೆ ಹರಡಿದ್ದರೆ, ಸಂಕುಚನದ ಸಮಯದಲ್ಲಿ ಬಣ್ಣದ ವಿವರವನ್ನು ಕಡಿಮೆ ಮಾಡಿದುದು ಕಾರಣ. ಈ ಚಿತ್ರದಲ್ಲಿ ಮೂರೂ ಇದ್ದವು, ಆದರೆ ಒಂದೊಂದು ಒಂದೊಂದು ಜಾಗದಲ್ಲಿ. ಸಣ್ಣ ಅಕ್ಷರಗಳಲ್ಲಿ ಮೃದುತನ, ತರಿಯ ಹಿನ್ನೆಲೆಯ ಮೇಲಿನ ಹೆಸರುಗಳ ಸುತ್ತ ಧೂಳು, ಹಸಿರು ಪಟ್ಟಿಯ ಕೆಂಪು ಅಕ್ಷರಗಳಲ್ಲಿ ಬಣ್ಣದ ಹರಡುವಿಕೆ.

ಹಸಿರು ಪಟ್ಟಿಯ ಮೇಲಿನ ಕೆಂಪು ಅಕ್ಷರ

ದಿನಾಂಕ, ಸಮಯ ಮತ್ತು ಸ್ಥಳ ಇದ್ದುದು ಈ ಪಟ್ಟಿಯಲ್ಲೇ ಆದ್ದರಿಂದ, ಎಲ್ಲಕ್ಕಿಂತ ಹೆಚ್ಚು ಹಾನಿ ಇಲ್ಲೇ ಆಗಿತ್ತು. ಇದರ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಪರದೆಯ ಮೇಲೆ ವಿನ್ಯಾಸ ಮಾಡುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಜೆಪೆಗ್ ವಿಧಾನ ಚಿತ್ರವನ್ನು ಬೆಳಕಿನ ಅಂಶ ಮತ್ತು ಬಣ್ಣದ ಅಂಶ ಎಂದು ಬೇರ್ಪಡಿಸುತ್ತದೆ. ಮನುಷ್ಯನ ಕಣ್ಣು ಬೆಳಕಿನ ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸುವುದಿಲ್ಲ. ಈ ಕಾರಣಕ್ಕೆ ಬೆಳಕಿನ ಅಂಶವನ್ನು ಪೂರ್ಣ ವಿವರದಲ್ಲಿ ಇಟ್ಟುಕೊಂಡು, ಬಣ್ಣದ ಅಂಶವನ್ನು ಅಗಲದಲ್ಲಿಯೂ ಎತ್ತರದಲ್ಲಿಯೂ ಅರ್ಧಕ್ಕೆ ಇಳಿಸುವ ರೂಢಿಯಿದೆ. ಇದನ್ನು 4:2:0 ಎಂದು ಬರೆಯುತ್ತಾರೆ. ಇದರ ಪರಿಣಾಮವಾಗಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳಿಗೆ ನಾಲ್ಕು ಬೆಳಕಿನ ಬೆಲೆಗಳು ಉಳಿದರೂ ಬಣ್ಣದ ಬೆಲೆ ಒಂದೇ ಉಳಿಯುತ್ತದೆ. ಛಾಯಾಚಿತ್ರಗಳಲ್ಲಿ ಇದರಿಂದ ಕಣ್ಣಿಗೆ ಕಾಣುವ ನಷ್ಟವಿಲ್ಲ. ಅಕ್ಷರದ ವಿಷಯದಲ್ಲಿ ಮಾತ್ರ, ಆ ಅಕ್ಷರ ತನ್ನ ಹಿನ್ನೆಲೆಯಿಂದ ಬೆಳಕಿನಲ್ಲಿ ಬೇರೆಯಾಗಿದೆಯೋ ಕೇವಲ ಬಣ್ಣದಲ್ಲಿ ಬೇರೆಯಾಗಿದೆಯೋ ಎಂಬುದು ನಿರ್ಣಾಯಕವಾಗುತ್ತದೆ.

ಒಂದು ಬಣ್ಣದ ಬೆಳಕಿನ ಅಂಶವನ್ನು ಜೆಪೆಗ್ ಲೆಕ್ಕ ಹಾಕುವ ಸೂತ್ರ ಹೀಗಿದೆ:

```
Y = 0.299 R + 0.587 G + 0.114 B
```

ಇಲ್ಲಿ Y ಎಂದರೆ ಬೆಳಕು; R, G, B ಎಂದರೆ ಕ್ರಮವಾಗಿ ಆ ಬಣ್ಣದಲ್ಲಿರುವ ಕೆಂಪು, ಹಸಿರು, ನೀಲಿಯ ಬೆಲೆಗಳು. ಪಟ್ಟಿಯ ಹಸಿರಿನ ಬೆಲೆ (0, 100, 0) ಇತ್ತು. ಸೂತ್ರದ ಪ್ರಕಾರ ಅದರ ಬೆಳಕು 59. ಅಕ್ಷರಗಳ ಕೆಂಪು (200, 0, 0). ಅದರ ಬೆಳಕು 60. ಕಣ್ಣಿಗೆ ತೀರ ಬೇರೆಯಾಗಿ ಕಾಣುವ ಈ ಎರಡು ಬಣ್ಣಗಳು ಬೆಳಕಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ಅಂದರೆ ಪೂರ್ಣ ವಿವರದಲ್ಲಿ ಉಳಿಯುವ ಬೆಳಕಿನ ಅಂಶದಲ್ಲಿ ಈ ಅಕ್ಷರಗಳು ಇಲ್ಲವೇ ಇಲ್ಲ. ಅವು ಬದುಕಿದ್ದುದು ಅರ್ಧಕ್ಕೆ ಇಳಿಸಿದ ಬಣ್ಣದ ಅಂಶದಲ್ಲಿ ಮಾತ್ರ. 3 ಮತ್ತು 8ರ ನಡುವಿನ ವ್ಯತ್ಯಾಸ ಎಡಬದಿಯ ಸಣ್ಣ ಬಿಡುವುಗಳಲ್ಲಿದೆ. ಅಕ್ಷರದ ಬಣ್ಣ ಎರಡು ಪಿಕ್ಸೆಲ್‌ಗಳಷ್ಟು ಹರಡಿದರೆ ಆ ಬಿಡುವುಗಳು ಮುಚ್ಚಿಹೋಗುತ್ತವೆ. ಹಿರಿಯರು ಓದಲು ತಡವರಿಸಿದ್ದಕ್ಕೆ ಅವರ ಕಣ್ಣು ಕಾರಣವಾಗಿರಲಿಲ್ಲ. ಆ ಅಂಕಿಯನ್ನು ತಪ್ಪಿಲ್ಲದೆ ಓದಬಲ್ಲಷ್ಟು ಮಾಹಿತಿ ಚಿತ್ರದಲ್ಲೇ ಉಳಿದಿರಲಿಲ್ಲ.

ಇದನ್ನು ಮೊದಲೇ ಪತ್ತೆ ಹಚ್ಚುವ ಸುಲಭದ ಪರೀಕ್ಷೆಯೊಂದಿದೆ. ವಿನ್ಯಾಸವನ್ನು ಕಪ್ಪುಬಿಳುಪಿಗೆ ಬದಲಾಯಿಸಿ ನೋಡಬೇಕು. ಕಪ್ಪುಬಿಳುಪಿನಲ್ಲಿ ಮರೆಯಾಗುವ ಅಕ್ಷರ ಆ್ಯಪ್‌ನ ಮೂಲಕ ಹೋದಾಗ ಖಂಡಿತವಾಗಿ ಹಾಳಾಗುತ್ತದೆ. ಕುಟುಂಬದವರ ಎದುರು ಪತ್ರಿಕೆಯನ್ನು ಹಾಗೆ ಬದಲಾಯಿಸಿ ತೋರಿಸಿದಾಗ ಹಸಿರು ಪಟ್ಟಿ ಬರಿಯ ಬೂದು ಬಣ್ಣದ ಪಟ್ಟಿಯಾಗಿ, ಮೇಲೆ ಏನೂ ಬರೆದಿಲ್ಲದಂತೆ ಕಂಡಿತು. ಅಲ್ಲಿಂದ ಮುಂದೆ ಬಣ್ಣ ಬದಲಾಯಿಸುವ ಬಗ್ಗೆ ಯಾರೂ ಆಕ್ಷೇಪಿಸಲಿಲ್ಲ. ಹೊಸ ವಿನ್ಯಾಸದಲ್ಲಿ ಕಂದುಗೆಂಪು (110, 15, 30) ಹಿನ್ನೆಲೆಯ ಮೇಲೆ ಕೆನೆಬಣ್ಣದ (255, 244, 220) ಅಕ್ಷರಗಳನ್ನು ಇಟ್ಟೆವು. ಒಂದರ ಬೆಳಕು 45, ಇನ್ನೊಂದರದು 245. ಬಣ್ಣ ಎಷ್ಟೇ ಹರಡಿದರೂ ಅಕ್ಷರದ ಅಂಚನ್ನು ಬೆಳಕು ಹಿಡಿದಿಡುತ್ತದೆ.

ಚಿನ್ನದ ಗ್ರೇಡಿಯೆಂಟ್ ಅಕ್ಷರಗಳಿಗೂ ಇದೇ ವಿಚಾರ ಅನ್ವಯಿಸುತ್ತದೆ. ಗ್ರೇಡಿಯೆಂಟಿನ ಹೊಳೆಯುವ ಭಾಗ ಹಿನ್ನೆಲೆಯಿಂದ ಎದ್ದು ಕಾಣುತ್ತಿತ್ತು, ಅದರ ಕಪ್ಪುಗಂದು ಭಾಗ ಹಿನ್ನೆಲೆಯಲ್ಲಿ ಕರಗಿಹೋಗಿತ್ತು. ಒಂದೇ ಹೆಸರಿನ ಅರ್ಧ ಅಕ್ಷರಗಳು ಓದಲು ಬರುವಂತೆ, ಇನ್ನರ್ಧ ಬರದಂತೆ ಆಗಿತ್ತು. ಚಿನ್ನದ ಬಣ್ಣ ಬೇಕೇ ಬೇಕು ಎಂದು ವಧು ಕೇಳಿದ್ದರಿಂದ ಅದನ್ನು ಅಂಚಿನ ಚೌಕಟ್ಟಿಗೆ ಉಳಿಸಿಕೊಂಡೆವು. ಅಲ್ಲಿ ಓದಬೇಕಾದುದು ಏನೂ ಇಲ್ಲದಿರುವುದರಿಂದ ತುಸು ಮಸುಕಾದರೂ ನಷ್ಟವಿಲ್ಲ.

ತರಿಯ ಹಿನ್ನೆಲೆ ಮತ್ತು ಫೈಲಿನ ಗಾತ್ರ

ಗಾತ್ರದ ಪ್ರಶ್ನೆ ಮುಖ್ಯವಾಗಿ ಎದ್ದುದು ಇಲ್ಲಿ. ಜೆಪೆಗ್ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಸಣ್ಣ ಚೌಕಗಳಾಗಿ ಒಡೆದು, ಪ್ರತಿಯೊಂದು ಚೌಕದಲ್ಲಿಯೂ ಎಷ್ಟು ವೇಗವಾದ ಏರಿಳಿತಗಳಿವೆ ಎಂದು ಅಳೆದು ದಾಖಲಿಸುತ್ತದೆ. ಒಂದೇ ಬಣ್ಣದ ಚೌಕಕ್ಕೆ ಬೇಕಾದ ಜಾಗ ಅತ್ಯಲ್ಪ. ತರಿತರಿಯಾದ ಕಾಗದದ ಚೌಕದಲ್ಲಿ ಪ್ರತಿ ಪಿಕ್ಸೆಲ್ಲೂ ಪಕ್ಕದ್ದಕ್ಕಿಂತ ಸ್ವಲ್ಪ ಬೇರೆಯಾಗಿರುವುದರಿಂದ ಹೆಚ್ಚು ಜಾಗ ಬೇಕಾಗುತ್ತದೆ. ಹೀಗೆ ಕಣ್ಣು ಗಮನಿಸದ ಹಿನ್ನೆಲೆಯೇ ಫೈಲಿನ ಬಹುಪಾಲನ್ನು ತಿಂದುಹಾಕುತ್ತದೆ.

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅಕ್ಷರದ ಅಂಚೂ ತರಿಯೂ ಒಂದೇ ಚೌಕದಲ್ಲಿ ಬಂದಾಗ ಎರಡೂ ವೇಗದ ಏರಿಳಿತಗಳೇ ಆಗಿರುತ್ತವೆ. ಆ್ಯಪ್ ಸಂಕುಚಿಸುವಾಗ ಮೊದಲು ಬಿಟ್ಟುಕೊಡುವುದು ಇಂಥ ವೇಗದ ಏರಿಳಿತಗಳ ನಿಖರತೆಯನ್ನು. ಅದಕ್ಕೆ ಅಕ್ಷರ ಯಾವುದು, ತರಿ ಯಾವುದು ಎಂದು ತಿಳಿಯುವುದಿಲ್ಲ. ಫಲವಾಗಿ ಅರ್ಧಂಬರ್ಧ ಅಳಿದ ತರಿ ಅಕ್ಷರದ ಸುತ್ತ ಕೊಳೆಯಂತೆ ಅಂಟಿಕೊಳ್ಳುತ್ತದೆ. ಹಿನ್ನೆಲೆ ಸಮತಟ್ಟಾಗಿದ್ದರೂ ಅಕ್ಷರದ ಸುತ್ತ ಒಂದಷ್ಟು ಅಲೆ ಏಳುತ್ತದೆ, ಆದರೆ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ವ್ಯತ್ಯಾಸ ದೊಡ್ಡದಾಗಿದ್ದರೆ ಅದು ಓದಿಗೆ ಅಡ್ಡಿಯಾಗುವುದಿಲ್ಲ.

ಫೋನಿಗಾಗಿ ಚೌಕ ಮತ್ತು ಲಂಬ ಎಂಬ ಎರಡು ಆಕಾರಗಳಲ್ಲಿ ಹೊಸ ಚಿತ್ರಗಳನ್ನು ಮಾಡಿದೆವು, ಅದರ ವಿವರ ಮುಂದಿನ ಭಾಗದಲ್ಲಿದೆ. ಅವುಗಳಲ್ಲಿ ಚೌಕಾಕಾರದ ವಿನ್ಯಾಸವನ್ನು ಹೋಲಿಕೆಗಾಗಿ ಎರಡು ಬಗೆಯಲ್ಲಿ ಉಳಿಸಿದೆ. 1080 × 1080 ಪಿಕ್ಸೆಲ್ ಅಳತೆ, ಜೆಪೆಗ್ ಗುಣಮಟ್ಟ 85, ಅಕ್ಷರಗಳೆಲ್ಲ ಒಂದೇ. ತರಿಯ ಹಿನ್ನೆಲೆಯಿದ್ದ ಫೈಲ್ 640 ಕೆಬಿ ಬಂತು. ಸಮತಟ್ಟಾದ ಬಣ್ಣದ ಹಿನ್ನೆಲೆಯಿದ್ದುದು 150 ಕೆಬಿ ಬಂತು. ಎರಡನ್ನೂ ಆ್ಯಪ್‌ನಲ್ಲಿ ಕಳುಹಿಸಿ ತಲುಪಿದುದನ್ನು ಅಕ್ಕಪಕ್ಕ ಇಟ್ಟಾಗ, ಗಾತ್ರದಲ್ಲಿ ಚಿಕ್ಕದಾದ ಚಿತ್ರದ ಅಕ್ಷರಗಳೇ ಸ್ವಚ್ಛವಾಗಿದ್ದವು. ಹಿನ್ನೆಲೆಯ ತರಿಯನ್ನು ತೆಗೆದುದರಿಂದ ಗಾತ್ರವೂ ಇಳಿಯಿತು, ಸ್ಪಷ್ಟತೆಯೂ ಏರಿತು.

ಹಿನ್ನೆಲೆಯನ್ನು ಪೂರ್ತಿ ಬರಿದು ಮಾಡಲು ಕುಟುಂಬದವರಿಗೆ ಮನಸ್ಸಾಗಲಿಲ್ಲ, ಅದು ಸಹಜವೇ. ಆದ್ದರಿಂದ ಹೂಬಳ್ಳಿಯ ಅಲಂಕಾರವನ್ನು ಎರಡು ಮೂಲೆಗಳಿಗೆ ಸರಿಸಿ, ಅಕ್ಷರಗಳ ಹಿಂದಿನ ಜಾಗವನ್ನು ಮಾತ್ರ ಸಮತಟ್ಟಾಗಿ ಉಳಿಸಿದೆವು. ನಡುವಿನಿಂದ ಅಂಚಿಗೆ ನಿಧಾನವಾಗಿ ಕಪ್ಪಾಗುವ ಗ್ರೇಡಿಯೆಂಟನ್ನೂ ಪ್ರಯತ್ನಿಸಿ ನೋಡಿದೆವು. ಸಂಕುಚನದ ನಂತರ ಅದು ನಯವಾಗಿ ಉಳಿಯದೆ ಪಟ್ಟೆಪಟ್ಟೆಯಾಗಿ, ಅಲ್ಲಲ್ಲಿ ಚೌಕಗಳ ಗುರುತು ಕಾಣುವಂತೆ ಆಯಿತು. ಪಟ್ಟೆ ಕಾಣದಿರಲೆಂದು ಸಣ್ಣ ತರಿಯನ್ನು ಬೆರೆಸುವ ಉಪಾಯ ಮುದ್ರಣದಲ್ಲಿಯೂ ಪಿಎನ್‌ಜಿಯಲ್ಲಿಯೂ ಸಲ್ಲುತ್ತದೆ. ಇಲ್ಲಿ ಅದನ್ನು ಮಾಡಿದರೆ ಈಗಷ್ಟೇ ತೆಗೆದ ತೊಂದರೆಯನ್ನೇ ಮರಳಿ ತಂದಂತಾಗುತ್ತಿತ್ತು. ಹಾಗಾಗಿ ಗ್ರೇಡಿಯೆಂಟನ್ನು ಕೈಬಿಟ್ಟೆವು.

ಚೌಕಕ್ಕೆ ಏನು, ಲಂಬಕ್ಕೆ ಏನು

ಒಂದೇ ವಿನ್ಯಾಸವನ್ನು ಎರಡು ಆಕಾರಗಳಿಗೆ ಕತ್ತರಿಸಿಕೊಳ್ಳುವ ಬದಲು ಎರಡು ಚಿತ್ರಗಳಿಗೂ ಬೇರೆ ಬೇರೆ ಕೆಲಸ ಹಂಚಿದೆವು. ಚೌಕದ ಚಿತ್ರ ಮಾತುಕತೆಯ ನಡುವೆ ಪೂರ್ತಿಯಾಗಿ ಕಾಣಿಸುತ್ತದೆ, ಅದನ್ನು ತೆರೆಯದೆಯೂ ಓದಬಹುದು. ಉದ್ದನೆಯ ಲಂಬ ಚಿತ್ರವನ್ನು ಮಾತುಕತೆಯಲ್ಲಿ ಮೇಲೆ ಕೆಳಗೆ ಕತ್ತರಿಸಿ ನಡುಭಾಗವನ್ನು ಮಾತ್ರ ತೋರಿಸುವುದು ಸಾಮಾನ್ಯ. ಅದು ಪೂರ್ತಿ ಕಾಣುವುದು ಬೆರಳೊತ್ತಿ ತೆರೆದಾಗ, ಇಲ್ಲವೇ ಸ್ಟೇಟಸ್ ಆಗಿ ಹಾಕಿದಾಗ. ಈ ಕಾರಣಕ್ಕೆ ಚೌಕದಲ್ಲಿ ಶೀರ್ಷಿಕೆ, ಹೆಸರುಗಳು, ದಿನಾಂಕ, ಸಮಯ ಮತ್ತು ಸ್ಥಳ ಮಾತ್ರ ಇರಬೇಕು, ತಂದೆತಾಯಿಯರ ಹೆಸರು, ಆರತಕ್ಷತೆಯ ವಿವರ, ಆಹ್ವಾನದ ಸಾಲುಗಳು ಲಂಬ ಚಿತ್ರಕ್ಕೆ ಹೋಗಬೇಕು ಎಂದು ತೀರ್ಮಾನಿಸಿದೆವು.

ಅಕ್ಷರದ ಅಳತೆಯನ್ನು ಕಣ್ಣಂದಾಜಿಗೆ ಬಿಡದೆ ಮಿಲಿಮೀಟರಿನಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಚೌಕದಲ್ಲಿನ ದಿನಾಂಕ, ಸಮಯ, ಸ್ಥಳಗಳು ಚಿತ್ರವನ್ನು ತೆರೆಯದಿದ್ದಾಗಲೂ ಕಡೇಪಕ್ಷ 3 ಮಿಲಿಮೀಟರ್ ಇರಬೇಕು ಎಂಬುದು ನಾನು ಇಟ್ಟುಕೊಂಡ ಕನಿಷ್ಠ ಮಿತಿ. 1080 ಪಿಕ್ಸೆಲ್ ಅಗಲದ ಚಿತ್ರ 48 ಮಿಲಿಮೀಟರ್ ಜಾಗದಲ್ಲಿ ಕಾಣುವಾಗ 3 ಮಿಲಿಮೀಟರಿಗೆ ಸರಿಯಾಗುವುದು 68 ಪಿಕ್ಸೆಲ್. ನಾವು 72 ಇಟ್ಟೆವು. ಕನ್ನಡಕ್ಕೆ ಸಾಲುಗಳ ನಡುವೆ ಧಾರಾಳವಾದ ಅಂತರ ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಅಕ್ಷರಗಳ ಮೇಲ್ತುದಿಗೆ ತಾಗಿದರೆ ಎರಡೂ ಕೆಡುತ್ತವೆ. ಹೀಗಾಗಿ ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟು, ಅಂದರೆ 108 ಪಿಕ್ಸೆಲ್ ಇರಿಸಿದೆವು. ಸುತ್ತ 80 ಪಿಕ್ಸೆಲ್ ಅಂಚು ಬಿಟ್ಟರೆ ಉಳಿಯುವ ಎತ್ತರ 920. ಶೀರ್ಷಿಕೆಯ ಸಾಲಿಗೆ 84, ವಧೂವರರ ಹೆಸರಿನ ಎರಡು ಸಾಲುಗಳಿಗೆ 336, ದಿನಾಂಕಕ್ಕೆ 108, ಸಮಯಕ್ಕೆ 108, ಸ್ಥಳದ ಎರಡು ಸಾಲುಗಳಿಗೆ 216 ಕೂಡಿದರೆ 852 ಆಗುತ್ತದೆ. ಉಳಿದ 68 ಪಿಕ್ಸೆಲ್ ಗುಂಪುಗಳ ನಡುವಿನ ಉಸಿರಾಟಕ್ಕೆ ಸರಿಹೋಗುತ್ತದೆ. ಇನ್ನೊಂದು ಹೆಸರನ್ನು ಸೇರಿಸಿ ಎಂಬ ಮಾತು ಬಂದಾಗಲೆಲ್ಲ ಈ ಲೆಕ್ಕವನ್ನು ಮುಂದಿಟ್ಟೆ. ಸೇರಿಸಿದರೆ ಯಾವ ಸಾಲನ್ನು ಚಿಕ್ಕದು ಮಾಡಬೇಕು ಎಂಬುದನ್ನು ಅವರೇ ಹೇಳಬೇಕಾಗಿ ಬಂದಾಗ ಬೇಡಿಕೆಗಳು ತಾವಾಗಿಯೇ ಕಡಿಮೆಯಾದವು.

ಅಕ್ಷರವಿನ್ಯಾಸದ ಆಯ್ಕೆಯೂ ಇಲ್ಲಿ ಮುಖ್ಯವಾಯಿತು. ಮುದ್ರಣದ ಪತ್ರಿಕೆಯಲ್ಲಿ ತೆಳುಗೆರೆಯ, ಬಳುಕುವ ಫಾಂಟ್ ಬಳಸಿದ್ದರು. ಕನ್ನಡದಲ್ಲಿ ‘ಠ’ವನ್ನು ‘ರ’ದಿಂದ, ‘ಥ’ವನ್ನು ‘ದ’ದಿಂದ ಬೇರೆ ಮಾಡುವುದು ಒಳಗಿನ ಒಂದು ಚುಕ್ಕೆ. ‘ಷ’ವನ್ನು ‘ಪ’ದಿಂದ ಬೇರೆ ಮಾಡುವುದು ಒಳಗಿನ ಒಂದು ಗೆರೆ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವಾಗಿರುವುದರಿಂದ ಅವುಗಳ ಒಳಬಿಡುವು ಇನ್ನೂ ಕಿರಿದು. ಚಿತ್ರ ಕುಗ್ಗಿದಾಗ ಮೊದಲು ತುಂಬಿಹೋಗುವುದು ಈ ಬಿಡುವುಗಳು. ಆದ್ದರಿಂದ ಫಾಂಟ್ ಆರಿಸುವಾಗ ವಧೂವರರ ಹೆಸರನ್ನಲ್ಲ, ಪತ್ರಿಕೆಯಲ್ಲಿ ಬರುವ ಅತ್ಯಂತ ಇಕ್ಕಟ್ಟಾದ ಸಂಯುಕ್ತಾಕ್ಷರವನ್ನು ಬರೆದು ನೋಡುವುದು ನನ್ನ ಪದ್ಧತಿ. ತೀರ ತೆಳ್ಳಗಿನ ಗೆರೆ ಕುಗ್ಗಿದಾಗ ಕರಗುತ್ತದೆ, ತೀರ ದಪ್ಪನೆಯ ಗೆರೆ ಒತ್ತಕ್ಷರದ ಹೊಟ್ಟೆಯನ್ನು ಮುಚ್ಚುತ್ತದೆ. 72 ಪಿಕ್ಸೆಲ್ ಅಳತೆಯಲ್ಲಿ ಅತ್ಯಂತ ಸಣ್ಣ ಗೆರೆಯೂ ನಾಲ್ಕು ಪಿಕ್ಸೆಲ್‌ಗಿಂತ ಕಡಿಮೆಯಾಗದ, ಮಧ್ಯಮ ದಪ್ಪದ ಸರಳ ಫಾಂಟನ್ನು ಆರಿಸಿಕೊಂಡೆವು.

ಲಂಬ ಚಿತ್ರದ ಅಳತೆಯನ್ನು ಸಾಮಾನ್ಯವಾಗಿ 1080 × 1920 ಎಂದು ಇಡುತ್ತಾರೆ. ಅದನ್ನು ಹಾಗೆಯೇ ಕಳುಹಿಸಿದರೆ, ನಾವು ಕಂಡುಕೊಂಡ 1600ರ ಮಿತಿಗೆ ಇಳಿಸಲು ಆ್ಯಪ್ ಅದನ್ನು 900 × 1600 ಮಾಡುತ್ತದೆ. ಆರು ಪಿಕ್ಸೆಲ್ ಗೆರೆ ಐದಾಗುತ್ತದೆ, ಅಂಚುಗಳು ಪಿಕ್ಸೆಲ್‌ಗಳ ನಡುವೆ ಬಿದ್ದು ಮೃದುವಾಗುತ್ತವೆ, ಅದರ ಮೇಲೆ ಸಂಕುಚನವೂ ಆಗುತ್ತದೆ. ಹೇಗೂ ಅಲ್ಲಿಗೇ ತಲುಪುವುದಾದರೆ ವಿನ್ಯಾಸವನ್ನೇ 900 × 1600ರಲ್ಲಿ ಮಾಡಿ, ಕುಗ್ಗಿಸುವ ಹಂತವನ್ನು ಆ್ಯಪ್‌ನ ಕೈಯಿಂದ ತಪ್ಪಿಸುವುದು ಜಾಣತನ. ಈ ಚಿತ್ರದಲ್ಲಿ ಮೇಲೆ ಮತ್ತು ಕೆಳಗೆ ಸುಮಾರು 210 ಪಿಕ್ಸೆಲ್‌ಗಳಷ್ಟು ಜಾಗದಲ್ಲಿ ಅಲಂಕಾರದ ಹೊರತು ಏನನ್ನೂ ಇಡಲಿಲ್ಲ. ಸ್ಟೇಟಸ್‌ನಲ್ಲಿ ನೋಡುವಾಗ ಆ ಭಾಗದ ಮೇಲೆ ಕಳುಹಿಸಿದವರ ಹೆಸರು, ಉತ್ತರ ಬರೆಯುವ ಪಟ್ಟಿ ಮೊದಲಾದವು ಬಂದು ಕೂರುತ್ತವೆ. ಹೆಸರು ಮತ್ತು ದಿನಾಂಕವನ್ನು ನಡುವಿನ 900 × 900 ಪಿಕ್ಸೆಲ್‌ಗಳ ಒಳಗೆ ಇಟ್ಟೆವು, ಮಾತುಕತೆಯಲ್ಲಿ ಚಿತ್ರ ಕತ್ತರಿಸಿ ಕಂಡರೂ ಅವು ಉಳಿಯಬೇಕು ಎಂಬ ಕಾರಣಕ್ಕೆ. ಲಂಬ ಚಿತ್ರವನ್ನು ತೆರೆದೇ ಓದುವುದರಿಂದ ಇಲ್ಲಿ ಅಕ್ಷರದ ಕನಿಷ್ಠ ಅಳತೆ 40 ಪಿಕ್ಸೆಲ್ ಸಾಕಾಯಿತು. 68 ಮಿಲಿಮೀಟರ್ ಅಗಲದ ಪರದೆಯಲ್ಲಿ ಅದು ಸರಿಯಾಗಿ 3 ಮಿಲಿಮೀಟರ್ ಆಗುತ್ತದೆ.

ಮುದ್ರಿತ ಪತ್ರಿಕೆಯಲ್ಲಿ ಸ್ಥಳದ ನಕ್ಷೆಗೆ ಕೊಂಡೊಯ್ಯುವ ಕ್ಯೂಆರ್ ಚಿತ್ರವೂ ಇತ್ತು. ಅದನ್ನು ಎರಡೂ ಚಿತ್ರಗಳಿಂದ ತೆಗೆದೆವು. ಫೋನಿನಲ್ಲೇ ಪತ್ರಿಕೆ ನೋಡುತ್ತಿರುವವರಿಗೆ ಆ ಫೋನಿನ ಕ್ಯಾಮೆರಾವನ್ನು ಅದೇ ಪರದೆಯ ಕಡೆಗೆ ಹಿಡಿಯಲು ಸಾಧ್ಯವಿಲ್ಲ. ನಕ್ಷೆಯ ಕೊಂಡಿಯನ್ನೂ ಸಂಪರ್ಕದ ದೂರವಾಣಿ ಸಂಖ್ಯೆಯನ್ನೂ ಚಿತ್ರದ ಜೊತೆಗಿನ ಬರಹದಲ್ಲಿ ಕೊಟ್ಟೆವು, ಅಲ್ಲಿ ಅವು ಒತ್ತಿದರೆ ತೆರೆಯುತ್ತವೆ. ದಿನಾಂಕ, ಸಮಯ, ಸ್ಥಳಗಳನ್ನು ಆ ಬರಹದಲ್ಲಿ ಮತ್ತೊಮ್ಮೆ ಬರೆದೆವು. ದೃಷ್ಟಿದೋಷವಿರುವವರ ಫೋನ್ ಬರಹವನ್ನು ಓದಿ ಹೇಳಬಲ್ಲದು, ಚಿತ್ರದೊಳಗಿನ ಅಕ್ಷರಗಳನ್ನು ಓದುತ್ತದೆ ಎಂಬ ಭರವಸೆಯಿಲ್ಲ. ಆದರೆ ಒಬ್ಬರಿಂದ ಒಬ್ಬರಿಗೆ ಚಿತ್ರ ಸಾಗುವಾಗ ಜೊತೆಗಿನ ಬರಹ ಬಿಟ್ಟುಹೋಗಬಹುದು. ಆದ್ದರಿಂದ ಆ ವಿವರಗಳು ಚಿತ್ರದಲ್ಲಿಯೂ ಇರಲೇಬೇಕು.

ಫೈಲ್ ಉಳಿಸಿದ ರೀತಿ

ಮೂಲ ವಿನ್ಯಾಸ ಮುದ್ರಣದ ಸಿಎಂವೈಕೆ ಬಣ್ಣಗಳಲ್ಲಿತ್ತು. ಅದನ್ನು ವಿನ್ಯಾಸದ ತಂತ್ರಾಂಶದಲ್ಲೇ ಪರದೆಯ ಬಣ್ಣಗಳ ಕ್ರಮವಾದ ಎಸ್‌ಆರ್‌ಜಿಬಿಗೆ ಬದಲಾಯಿಸಿ, ಬದಲಾದ ನಂತರ ಬಣ್ಣಗಳನ್ನು ಕಣ್ಣಾರೆ ನೋಡಿ ತಿದ್ದಿಕೊಂಡೆವು. ಆಮೇಲೆ ಪೂರ್ಣ ಗುಣಮಟ್ಟದ ಪಿಎನ್‌ಜಿಯಾಗಿ ಉಳಿಸಿ, ಕಳುಹಿಸುವ ಜೆಪೆಗ್ ಅನ್ನು ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದಿಂದ ಹೀಗೆ ಪಡೆದೆವು:

```
magick chauka.png -strip -sampling-factor 4:4:4 -quality 85 chauka.jpg
magick lamba.png -strip -sampling-factor 4:4:4 -quality 85 lamba.jpg
```

ಇಲ್ಲಿ 4:4:4 ಎಂದರೆ ಬಣ್ಣದ ಅಂಶವನ್ನೂ ಪೂರ್ಣವಾಗಿ ಇಡು ಎಂದು ಅರ್ಥ. ಆ್ಯಪ್ ಮತ್ತೆ ತನ್ನದೇ ರೀತಿಯಲ್ಲಿ ಸಂಕುಚಿಸುವುದರಿಂದ ಇದರ ಲಾಭ ಅಲ್ಪ, ಆದರೂ ಒಂದೇ ನಷ್ಟ ಎರಡು ಸಲ ಆಗುವುದನ್ನು ಇದು ತಪ್ಪಿಸುತ್ತದೆ. ಗುಣಮಟ್ಟವನ್ನು 85ರಿಂದ 100ಕ್ಕೆ ಏರಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಫೈಲಿನ ಗಾತ್ರ ಬಹಳ ಹಿಗ್ಗುತ್ತದೆ, ತಲುಪುವ ಚಿತ್ರದಲ್ಲಿ ಓದಿಗೆ ನೆರವಾಗುವ ವ್ಯತ್ಯಾಸ ಕಾಣುವುದಿಲ್ಲ. ಪಿಎನ್‌ಜಿಯನ್ನೇ ಫೋಟೊ ಎಂದು ಕಳುಹಿಸಿದರೂ ಆ್ಯಪ್ ಅದನ್ನು ಜೆಪೆಗ್ ಮಾಡುತ್ತದೆ. ಅದರಲ್ಲಿ ಪಾರದರ್ಶಕ ಭಾಗಗಳಿದ್ದರೆ ಅವು ಕಪ್ಪಾಗಿಯೋ ಬಿಳಿಯಾಗಿಯೋ ಬದಲಾಗುವ ಅಪಾಯವೂ ಇದೆ.

ನಿಜವಾದ ಪರೀಕ್ಷೆಗೆ ಮೊದಲು ಆ್ಯಪ್‌ನ ಕೆಲಸವನ್ನು ಕಂಪ್ಯೂಟರಿನಲ್ಲೇ ಸ್ವಲ್ಪ ಕಠಿಣವಾಗಿ ಅನುಕರಿಸಿ ನೋಡುವುದು ಸಮಯ ಉಳಿಸುತ್ತದೆ:

```
magick chauka.jpg -resize "1600x1600>" -sampling-factor 4:2:0 -quality 60 test.jpg
```

ಈ ಪರೀಕ್ಷೆಯಲ್ಲಿ ಅತ್ಯಂತ ಇಕ್ಕಟ್ಟಾದ ಒತ್ತಕ್ಷರವೂ ದಿನಾಂಕದ ಅಂಕಿಗಳೂ ಉಳಿದುಕೊಂಡರೆ ಮುಂದೆ ಹೋಗಬಹುದು. ನಂತರ ಎರಡೂ ಚಿತ್ರಗಳನ್ನು ಕುಟುಂಬದ ಒಂದು ಹಳೆಯ ಫೋನಿಗೆ ಕಳುಹಿಸಿ, ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಚಿತ್ರ ತೆರೆಯದೆ ಕೈಯಳತೆಯ ದೂರದಿಂದ ಓದಲು ಅಜ್ಜಿಯವರನ್ನು ಕೇಳಿದೆವು. ಅವರು ದಿನಾಂಕ, ಸಮಯ, ಸಭಾಂಗಣದ ಹೆಸರನ್ನು ತಡೆಯಿಲ್ಲದೆ ಓದಿದರು. ಚೌಕದ ಚಿತ್ರ ಅವರ ಫೋನಿಗೆ ತಲುಪಿದ್ದು ಸುಮಾರು 90 ಕೆಬಿ ಗಾತ್ರದಲ್ಲಿ.

ಎಚ್‌ಡಿ ಆಯ್ಕೆಯನ್ನು ಬಳಸಬಾರದೇಕೆ ಎಂಬ ಪ್ರಶ್ನೆ ಈ ಹಂತದಲ್ಲಿ ಬಂತು. ವಾಟ್ಸ್‌ಆ್ಯಪ್ 2023ರ ಆಗಸ್ಟ್‌ನಲ್ಲಿ ಎಚ್‌ಡಿ ಫೋಟೊ ಕಳುಹಿಸುವ ಸೌಲಭ್ಯವನ್ನು ತಂದಿತು. ಅದನ್ನು ಬಳಸುವುದರಲ್ಲಿ ತಪ್ಪಿಲ್ಲ, ಆದರೆ ಪತ್ರಿಕೆ ಅದನ್ನೇ ನೆಚ್ಚಿಕೊಂಡಿರಬಾರದು. ಕಳುಹಿಸುವವರು ಅದನ್ನು ನೆನಪಿಟ್ಟು ಆರಿಸಬೇಕು, ಮತ್ತು ಗ್ಯಾಲರಿಯಿಂದ ತೆಗೆದು ಮುಂದಕ್ಕೆ ಕಳುಹಿಸುವ ಬಂಧುಗಳು ಅದನ್ನು ಆರಿಸುತ್ತಾರೆ ಎಂದು ಹೇಳಲಾಗದು. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಫೈಲ್ ಬದಲಾಗದೆ ತಲುಪುತ್ತದೆ, ಆದರೆ ಮಾತುಕತೆಯಲ್ಲಿ ಚಿತ್ರವಾಗಿ ಎದುರಿಗೆ ಬರುವ ಬದಲು ತೆರೆದು ನೋಡಬೇಕಾದ ಫೈಲಾಗಿ ಕೂರುತ್ತದೆ. ಮುದ್ರಿಸಿಕೊಳ್ಳಲು ಬಯಸಿದ ಇಬ್ಬರು ಬಂಧುಗಳಿಗೆ ಮಾತ್ರ ಹಾಗೆ ಕಳುಹಿಸಿದೆವು.

ನಂತರದ ಒಂದು ಬದಲಾವಣೆ

ಚಿತ್ರಗಳು ಹೋದ ಕೆಲವು ದಿನಗಳಲ್ಲಿ ಆರತಕ್ಷತೆಯ ಸಮಯ ಬದಲಾಯಿತು. ಮನೆಯ ಹುಡುಗನೊಬ್ಬ ಫೋನಿಗೆ ಬಂದ ಲಂಬ ಚಿತ್ರದ ಮೇಲೆಯೇ ಹಳೆಯ ಸಮಯವನ್ನು ಮುಚ್ಚಿ ಹೊಸದನ್ನು ಬರೆದು ತೋರಿಸಿದ. ಈಗಾಗಲೇ ಸಂಕುಚಿಸಿದ ಆ ಚಿತ್ರ ಮತ್ತೊಮ್ಮೆ ಸಂಕುಚನಕ್ಕೆ ಒಳಗಾದಾಗ ಉಳಿದ ಅಕ್ಷರಗಳ ಅಂಚುಗಳು ಕೆಡತೊಡಗಿದ್ದವು, ಮುಚ್ಚಿದ ಜಾಗದ ಬಣ್ಣವೂ ಸುತ್ತಲಿನದಕ್ಕೆ ಹೊಂದುತ್ತಿರಲಿಲ್ಲ. ಮೂಲ ವಿನ್ಯಾಸದ ಫೈಲ್ ನಮ್ಮ ಬಳಿ ಇದ್ದುದರಿಂದ ಅದರಲ್ಲಿ ಒಂದು ಸಾಲನ್ನು ತಿದ್ದಿ, ಪಿಎನ್‌ಜಿಯಿಂದ ಹೊಸ ಜೆಪೆಗ್ ತೆಗೆದೆವು. ಆದರೆ ಹಳೆಯ ಚಿತ್ರವನ್ನು ಗುಂಪುಗಳಿಂದ ಹಿಂದಕ್ಕೆ ತರಲು ಸಾಧ್ಯವಿರಲಿಲ್ಲ, ಹೊಸದು ಅದರಂತೆಯೇ ಕಂಡರೆ ಜನ ಎರಡನೆಯ ಸಲ ಓದದೆ ಮುಂದೆ ಹೋಗುವ ಸಂಭವವಿತ್ತು. ಹಾಗಾಗಿ ಕಂದುಗೆಂಪು ಅಕ್ಷರಗಳನ್ನು ಕೆನೆಬಣ್ಣದ ಹಿನ್ನೆಲೆಯ ಮೇಲೆ ಇಟ್ಟು ಬಣ್ಣಗಳನ್ನು ತಿರುಗುಮುರುಗು ಮಾಡಿದೆವು. ಬೆಳಕಿನ ವ್ಯತ್ಯಾಸ ಮೊದಲಿನಷ್ಟೇ ಉಳಿಯಿತು, ನೋಟ ಮಾತ್ರ ಪೂರ್ತಿ ಬೇರೆಯಾಯಿತು. ಬದಲಾದ ಸಮಯವನ್ನು ಚೌಕದ ಚಿತ್ರವೊಂದರಲ್ಲಿ, ‘ಆರತಕ್ಷತೆಯ ಸಮಯ ಬದಲಾಗಿದೆ’ ಎಂಬ ಸಾಲನ್ನು ಎಲ್ಲಕ್ಕಿಂತ ಮೇಲಿಟ್ಟು, ಬೇರೆ ಯಾವ ವಿವರವನ್ನೂ ಸೇರಿಸದೆ ಅದೇ ಗುಂಪುಗಳಿಗೆ ಕಳುಹಿಸಿದೆವು.